ಪರದೇಶದ ಚೆಕ್‌ಪೋಸ್ಟಿನಲ್ಲಿ ಗುಂಡು ಹಾರಿದರೆ ಯಾವ ದೇಶ ಉತ್ತರ ಕೊಡಬೇಕು?

ಪ್ರಶ್ನೆ: ಮೇಡಂ, ನಮ್ಮೂರು ಪಾಂಡವಪುರದ ಹತ್ತಿರ. ಮೈಸೂರಲ್ಲಿ ಎಲ್‌ಎಲ್‌ಬಿ ಓದ್ತಿದ್ದೀನಿ. ನಮ್ಮಣ್ಣ ಪಶ್ಚಿಮ ಏಷ್ಯಾದಲ್ಲಿ ಟ್ರಕ್ ಓಡಿಸ್ತಾನೆ. ದಾರೀಲಿ ಒಂದೊಂದು ಸಲ ಬೇರೆ ದೇಶದ ಸೈನಿಕರ ಚೆಕ್‌ಪೋಸ್ಟ್ ಸಿಗುತ್ತಂತೆ. ಅಲ್ಲೇನಾದ್ರೂ ಆದ್ರೆ, ಆ ಸೈನಿಕರ ದೇಶ ಸಹಿ ಹಾಕಿರೋ ಮಾನವ ಹಕ್ಕುಗಳ ಒಪ್ಪಂದ ನಮ್ಮಣ್ಣನಿಗೂ ಅನ್ವಯಿಸುತ್ತಾ? ಪುಸ್ತಕದಲ್ಲಿ ‘ಪರಿಣಾಮಕಾರಿ ನಿಯಂತ್ರಣ ಇದ್ದರೆ’ ಅಂತಷ್ಟೇ ಇದೆ. ಹಾಗಂದ್ರೆ ಏನು?

ಉತ್ತರ: ಅನ್ವಯಿಸಬಹುದು. ಆ ಸೈನಿಕರು ಯಾವ ದೇಶದವರು, ಆ ಹೊತ್ತಿನಲ್ಲಿ ನಿಮ್ಮಣ್ಣನ ಮೇಲೆ ಅವರಿಗೆ ಎಂಥ ಹಿಡಿತ, ಅಂದರೆ ನಿಮ್ಮ ಪುಸ್ತಕ ಹೇಳುವ ನಿಯಂತ್ರಣ, ಇತ್ತು, ಈ ಎರಡನ್ನು ನೋಡಬೇಕು. ನಿಮ್ಮಣ್ಣ ಆ ದೇಶದ ಪ್ರಜೆಯಲ್ಲ ಅನ್ನುವುದು ಅಡ್ಡಿಯೇ ಅಲ್ಲ. ಯುರೋಪಿಯನ್ ಮಾನವ ಹಕ್ಕುಗಳ ಒಪ್ಪಂದದ 1ನೇ ವಿಧಿ, ಸಹಿ ಹಾಕಿದ ದೇಶಗಳು ತಮ್ಮ ಜೂರಿಸ್‌ಡಿಕ್ಷನ್‌ಗೆ, ಅಂದರೆ ಅಧಿಕಾರ ವ್ಯಾಪ್ತಿಗೆ, ಒಳಪಟ್ಟ ಪ್ರತಿಯೊಬ್ಬರ ಹಕ್ಕನ್ನೂ ಕಾಪಾಡಬೇಕು ಎನ್ನುತ್ತದೆ. ಪ್ರಜೆಯಾಗಿರಬೇಕು ಅಂತ ಅಲ್ಲಿ ಇಲ್ಲ. ತಮ್ಮ ನೆಲದಲ್ಲೇ ಇರಬೇಕು ಅಂತಲೂ ಇಲ್ಲ. ತಕರಾರೆಲ್ಲ ಇರುವುದು ಗಡಿಯಾಚೆ ಆ ಜೂರಿಸ್‌ಡಿಕ್ಷನ್ ಯಾವಾಗ ಹುಟ್ಟುತ್ತದೆ ಅನ್ನುವುದರಲ್ಲಿ.

ನೀವು ಚೆಕ್‌ಪೋಸ್ಟ್ ವಿಷಯವನ್ನೇ ಎತ್ತಿರುವುದರಿಂದ ಅದರ ಮೇಲೇ ಬಂದಿರುವ ಒಂದು ತೀರ್ಪಿನಿಂದ ಶುರು ಮಾಡುತ್ತೇನೆ. ಜಲೂದ್ ವಿರುದ್ಧ ನೆದರ್ಲೆಂಡ್ಸ್. ಆ ಒಪ್ಪಂದದ ಕೇಸುಗಳನ್ನು ಕೇಳುವ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ಕೋರ್ಟಿನ ದೊಡ್ಡ ಪೀಠವಾದ ಗ್ರ್ಯಾಂಡ್ ಚೇಂಬರ್ 2014ರ ನವೆಂಬರ್ 20ರಂದು ಕೊಟ್ಟ ತೀರ್ಪು.

ಘಟನೆ ನಡೆದದ್ದು 2004ರ ಏಪ್ರಿಲ್ 21ರ ನಸುಕಿನಲ್ಲಿ, ದಕ್ಷಿಣ ಇರಾಕಿನಲ್ಲಿ, ಅರ್ ರುಮೈತಾ ಎಂಬ ಪಟ್ಟಣದ ಉತ್ತರಕ್ಕಿದ್ದ ಒಂದು ಚೆಕ್‌ಪೋಸ್ಟಿನಲ್ಲಿ. ಅಲ್ಲಿ ಕಾವಲಿಗಿದ್ದವರು ಇರಾಕಿನವರೇ. ರಾತ್ರಿ ಎರಡು ಗಂಟೆ ದಾಟಿದ ಮೇಲೆ ಒಂದು ಕಾರು ಬಂತು, ಅದರೊಳಗಿನಿಂದ ಕಾವಲಿನವರ ಮೇಲೆ ಗುಂಡು ಹಾರಿಸಿ ಕತ್ತಲಲ್ಲಿ ಮಾಯವಾಯಿತು. ಯಾರಿಗೂ ಗಾಯವಾಗಲಿಲ್ಲ. ವಿಷಯ ತಿಳಿದು ಒಬ್ಬ ಲೆಫ್ಟಿನೆಂಟ್ ಜೊತೆ ಡಚ್ ಸೈನಿಕರ ಗಸ್ತು ಬಂದು ಸೇರಿತು. ಸುಮಾರು 2.45ಕ್ಕೆ ಇನ್ನೊಂದು ಕಾರು, ಒಂದು ಮರ್ಸಿಡಿಸ್, ಜೋರಾಗಿ ಬಂತು. ರಸ್ತೆ ನಡುವೆ ಇಟ್ಟಿದ್ದ ಡ್ರಮ್ಮುಗಳಿಗೆ ಗುದ್ದಿತು, ಆದರೂ ನಿಲ್ಲಲಿಲ್ಲ. ಲೆಫ್ಟಿನೆಂಟ್ 28 ಗುಂಡು ಹಾರಿಸಿದ, ಇರಾಕಿ ಕಾವಲಿನವರೂ ಹಾರಿಸಿದ್ದಿರಬಹುದು. ಡ್ರೈವರ್ ಪಕ್ಕ ಕೂತಿದ್ದವನಿಗೆ ಹಲವು ಕಡೆ ಪೆಟ್ಟಾಯಿತು, ಅವನು ಉಳಿಯಲಿಲ್ಲ. ಅವನ ತಂದೆ ನೆದರ್ಲೆಂಡ್ಸ್‌ನಲ್ಲೇ ದೂರು ಕೊಟ್ಟರು. ಅಲ್ಲಿನ ಕೋರ್ಟ್ ತಳ್ಳಿಹಾಕಿದ ಮೇಲೆ ಸ್ಟ್ರಾಸ್‌ಬರ್ಗ್‌ಗೆ ಹೋದರು.

ಡಚ್ ಸರ್ಕಾರದ ವಾದ ಕೇಳಿ. ಇರಾಕನ್ನು ವಶಪಡಿಸಿಕೊಂಡವರು ಅಮೆರಿಕ ಮತ್ತು ಬ್ರಿಟನ್, ನಾವಲ್ಲ. ಆ ಭಾಗದಲ್ಲಿ ನಮ್ಮ ಸೈನಿಕರು ಕೆಲಸ ಮಾಡುತ್ತಿದ್ದದ್ದು ಬ್ರಿಟಿಷ್ ಅಧಿಕಾರಿಯ ಕೈಕೆಳಗೆ. ಚೆಕ್‌ಪೋಸ್ಟ್ ಇರಾಕಿನವರದ್ದು. ಹಾಗಾಗಿ ಸತ್ತವನು ನಮ್ಮ ಜೂರಿಸ್‌ಡಿಕ್ಷನ್‌ನಲ್ಲಿ ಇರಲೇ ಇಲ್ಲ. ಮೇಲ್ನೋಟಕ್ಕೆ ಗಟ್ಟಿ ವಾದವೇ, ಅಲ್ವಾ?

ಕೋರ್ಟ್ ಒಂದೊಂದನ್ನೇ ಬಿಡಿಸಿತು. ಯುದ್ಧದ ನಿಯಮಗಳ ಪ್ರಕಾರ ನೀನು ವಶಪಡಿಸಿಕೊಂಡ ದೇಶವೋ ಅಲ್ಲವೋ ಅನ್ನುವುದೊಂದರಿಂದಲೇ ಇದು ತೀರ್ಮಾನವಾಗುವುದಿಲ್ಲ ಎಂದಿತು. ಬ್ರಿಟಿಷ್ ಅಧಿಕಾರಿಯಿಂದ ದಿನದ ಸೂಚನೆ ಬರುತ್ತಿದ್ದರೂ ತನ್ನ ಸೈನಿಕರ ಮೇಲಿನ ಪೂರ್ಣ ಅಧಿಕಾರವನ್ನು ನೆದರ್ಲೆಂಡ್ಸ್ ಬಿಟ್ಟುಕೊಟ್ಟಿರಲಿಲ್ಲ ಎಂದಿತು. ಆ ಪ್ರದೇಶದ ಭದ್ರತೆಯ ಹೊಣೆ ಡಚ್ ಪಡೆಗೇ ವಹಿಸಿದ್ದಾಗಿತ್ತು. ಆ ರಾತ್ರಿ ಚೆಕ್‌ಪೋಸ್ಟಿನಲ್ಲಿದ್ದವರೆಲ್ಲ ಡಚ್ ಅಧಿಕಾರಿಯ ಆಜ್ಞೆ ಮತ್ತು ನೇರ ಮೇಲ್ವಿಚಾರಣೆಯಲ್ಲಿದ್ದರು. ಕೊನೆಗೆ ನಿಮಗೆ ಬೇಕಾದ ವಾಕ್ಯ ಬರುತ್ತದೆ. ಆ ಚೆಕ್‌ಪೋಸ್ಟ್ ಇದ್ದದ್ದೇ ಅಲ್ಲಿ ಹಾದುಹೋಗುವವರ ಮೇಲೆ ಅಧಿಕಾರ ಮತ್ತು ಹಿಡಿತ ಚಲಾಯಿಸುವುದಕ್ಕೆ. ಆದ್ದರಿಂದ ಹಾದುಹೋಗುತ್ತಿದ್ದವನು ನೆದರ್ಲೆಂಡ್ಸ್‌ನ ಜೂರಿಸ್‌ಡಿಕ್ಷನ್‌ನೊಳಗೆ ಇದ್ದ.

ಇಲ್ಲಿ ಸ್ವಲ್ಪ ನಿಲ್ಲಿ. ಸತ್ತವನನ್ನು ಯಾರೂ ಬಂಧಿಸಿರಲಿಲ್ಲ. ಮುಟ್ಟಿಯೂ ಇರಲಿಲ್ಲ. ಕಾರು ಆ ಜಾಗದಲ್ಲಿದ್ದದ್ದು ಕೆಲವೇ ಕ್ಷಣ. ಇಡೀ ಪ್ರಾಂತ್ಯ ಡಚ್ಚರ ಮುಷ್ಟಿಯಲ್ಲಿತ್ತು ಅಂತಲೂ ಕೋರ್ಟ್ ಹೇಳಲಿಲ್ಲ. ನಿಲ್ಲು ಅಂದರೆ ನಿಲ್ಲಬೇಕು, ಇಳಿ ಅಂದರೆ ಇಳಿಯಬೇಕು ಅನ್ನುವಂಥ ಅಧಿಕಾರವನ್ನು ಒಂದು ದೇಶ ಬೇರೆಯವರ ನೆಲದಲ್ಲಿ ಕೈಗೆತ್ತಿಕೊಂಡಿತ್ತು. ಅಷ್ಟು ಸಾಕಾಯಿತು. ನಿಮ್ಮಣ್ಣನ ಟ್ರಕ್ಕು ಅಂಥ ತಡೆಯ ಮುಂದೆ ಬಂದು ನಿಂತಾಗ ಅವನ ಸ್ಥಿತಿಯೂ ಇದೇ.

ಈ ಯೋಚನೆ ಅಷ್ಟು ಸುಲಭವಾಗಿ ಬಂದದ್ದಲ್ಲ. ಅದರ ಹಿಂದೆ ಬಸ್ರಾದ ಆರು ಸಾವುಗಳಿವೆ. ಅಲ್ ಸ್ಕೈನಿ ವಿರುದ್ಧ ಬ್ರಿಟನ್ ಅಂತ ನಿಮ್ಮ ಪುಸ್ತಕದಲ್ಲೂ ಇರುತ್ತದೆ. ಸಾಮಾನ್ಯವಾಗಿ ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಆರೂ ಸಾವುಗಳನ್ನು ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಹಿಡಿತ ಅನ್ನುವುದು ಅರ್ಥವಾಗುತ್ತದೆ.

ಎಲ್ಲವೂ 2003ರ ಮೇ ಮತ್ತು ನವೆಂಬರ್ ನಡುವೆ ನಡೆದವು. ಒಬ್ಬನನ್ನು ಬೀದಿಯಲ್ಲಿ ಗಸ್ತಿನವರು ಗುಂಡಿಟ್ಟು ಕೊಂದರು. ಇನ್ನೊಬ್ಬ, ರಾತ್ರಿ ಮನೆಗೆ ನುಗ್ಗಿ ಶೋಧ ಮಾಡುವಾಗ ಗುಂಡೇಟು ತಿಂದ. ಒಬ್ಬ ಹೆಂಗಸು ಸಂಸಾರದ ಜೊತೆ ರಾತ್ರಿ ಊಟಕ್ಕೆ ಕೂತಿದ್ದಾಗ, ಹೊರಗೆ ನಡೆಯುತ್ತಿದ್ದ ಗುಂಡಿನ ಚಕಮಕಿಯಲ್ಲಿ ಗುಂಡು ತಗುಲಿ ಸತ್ತಳು. ಒಬ್ಬ ಮಿನಿಬಸ್ ಓಡಿಸುತ್ತಿದ್ದಾಗ ಗುಂಡೇಟು ತಿಂದ. ಹದಿನೈದು ವರ್ಷದ ಒಬ್ಬ ಹುಡುಗನನ್ನು ಲೂಟಿ ಮಾಡಿದ ಅನುಮಾನದ ಮೇಲೆ ಹಿಡಿದು ನದಿಗೆ ಇಳಿಸಿದರು ಅನ್ನುವುದು ಆರೋಪ. ಅವನು ಮುಳುಗಿ ಸತ್ತ. ಸೈನಿಕರು ಆಮೇಲೆ ಕೋರ್ಟ್ ಮಾರ್ಷಲ್‌ನಲ್ಲಿ ಖುಲಾಸೆಯಾದರು. ಆರನೆಯವರು ಬಹಾ ಮೂಸಾ, ಹೋಟೆಲೊಂದರ ರಿಸೆಪ್ಷನಿಸ್ಟ್. ಸೆಪ್ಟೆಂಬರ್‌ನಲ್ಲಿ ಅವರನ್ನು ಹಿಡಿದುಕೊಂಡು ಬ್ರಿಟಿಷ್ ನೆಲೆಯಲ್ಲಿಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ಸತ್ತರು. ಮೈಮೇಲೆ 93 ಗಾಯಗಳಿದ್ದವು.

ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟ್ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 2007ರಲ್ಲಿ ಇಂಥ ಸಾವುಗಳ ನಡುವೆ ಒಂದು ಗೆರೆ ಎಳೆಯಿತು. ಬಹಾ ಮೂಸಾ ನಮ್ಮ ಸೈನ್ಯದ ಸೆರೆಯಲ್ಲಿದ್ದರು, ಅವರು ಒಪ್ಪಂದದ ಒಳಗೆ. ಸೆರೆಯಲ್ಲಿ ಇಲ್ಲದವರು ಹೊರಗೆ. ಕಾರಣ ಏನು ಅಂದರೆ, ಬಸ್ರಾ ಮತ್ತು ಮೈಸಾನ್ ಎರಡು ಪ್ರಾಂತ್ಯ ಸೇರಿ ಸುಮಾರು 27 ಲಕ್ಷ ಜನ, ಬ್ರಿಟಿಷ್ ಸೈನಿಕರು ಸುಮಾರು 8 ಸಾವಿರ. ಇಷ್ಟು ಜನ ಇಟ್ಟುಕೊಂಡು ಅಲ್ಲಿ ಪೂರ್ತಿ ಆಡಳಿತ ನಡೆಸುವುದು ಆಗದ ಮಾತು. ಪೂರ್ತಿ ಆಡಳಿತ ಇಲ್ಲದಿದ್ದರೆ ಒಪ್ಪಂದದ ಎಲ್ಲ ಹಕ್ಕು ಕೊಡಲು ಹೇಗೆ ಸಾಧ್ಯ? ಕೊಟ್ಟರೆ ಎಲ್ಲ ಕೊಡಬೇಕು, ಇಲ್ಲದಿದ್ದರೆ ಏನೂ ಇಲ್ಲ. ಇದು ಅವರ ತರ್ಕ.

ಸ್ಟ್ರಾಸ್‌ಬರ್ಗ್ 2011ರ ಜುಲೈ 7ರಂದು ಆ ತರ್ಕವನ್ನೇ ಮುರಿಯಿತು. ಹಿಡಿತ ಎರಡು ಥರ ಎಂದಿತು. ಪ್ರದೇಶದ ಮೇಲೆ ಹಿಡಿತ ಇದ್ದರೆ ಒಪ್ಪಂದದ ಎಲ್ಲ ಹಕ್ಕೂ ಅಲ್ಲಿಗೆ ಅನ್ವಯ. ವ್ಯಕ್ತಿಯ ಮೇಲೆ ಮಾತ್ರ ಹಿಡಿತ ಇದ್ದರೆ, ಆ ಸನ್ನಿವೇಶಕ್ಕೆ ಸಂಬಂಧಪಟ್ಟ ಹಕ್ಕುಗಳಷ್ಟೇ ಅನ್ವಯ. ಚೆಕ್‌ಪೋಸ್ಟಿನಲ್ಲಿ ನಿಮ್ಮಣ್ಣನ ಜೀವಕ್ಕೆ ಆ ದೇಶ ಉತ್ತರ ಕೊಡಬೇಕು, ಅವನನ್ನು ಹಿಂಸಿಸಬಾರದು, ಸುಮ್ನೆ ಹಿಡಿದಿಟ್ಟುಕೊಳ್ಳಬಾರದು. ಅವನ ಮಕ್ಕಳಿಗೆ ಶಾಲೆ ಒದಗಿಸುವ ಹೊಣೆ ಅದಕ್ಕಿಲ್ಲ. ಹಕ್ಕುಗಳನ್ನು ಹೀಗೆ ಬಿಡಿಸಿ ಅನ್ವಯಿಸಬಹುದು ಎಂದ ಕೂಡಲೇ, ಎಲ್ಲ ಅಥವಾ ಏನೂ ಇಲ್ಲ ಅನ್ನುವ ವಾದ ಬಿದ್ದುಹೋಯಿತು. 27 ಲಕ್ಷ, 8 ಸಾವಿರದ ಲೆಕ್ಕವೂ ಅಲ್ಲಿಗೆ ಬೇಕಾಗಲಿಲ್ಲ.

ಹಾಗಂತ ಗುಂಡು ಹಾರಿಸಿದರೆ ಸಾಕು, ಹಿಡಿತ ಬಂತು ಅಂತ ಕೋರ್ಟ್ ಹೇಳಲಿಲ್ಲ. ವಿದ್ಯಾರ್ಥಿಗಳು ಜಾಸ್ತಿ ಎಡವುವುದು ಇಲ್ಲೇ. ಸದ್ದಾಂ ಸರ್ಕಾರ ಬಿದ್ದ ಮೇಲೆ, 2004ರ ಜೂನ್ 28ರಂದು ಇರಾಕಿ ಸರ್ಕಾರಕ್ಕೆ ಅಧಿಕಾರ ಕೊಡುವವರೆಗೆ, ಸಾಮಾನ್ಯವಾಗಿ ಒಂದು ಸರ್ಕಾರ ಮಾಡುವ ಕೆಲಸಗಳಲ್ಲಿ ಕೆಲವನ್ನು ಬ್ರಿಟನ್ ತಾನೇ ವಹಿಸಿಕೊಂಡಿತ್ತು. ಮುಖ್ಯವಾಗಿ ಆಗ್ನೇಯ ಇರಾಕಿನಲ್ಲಿ ಭದ್ರತೆ ಕಾಯುವುದು. ಆ ಕೆಲಸ ಮಾಡುತ್ತಿದ್ದಾಗ ಅದರ ಸೈನಿಕರಿಂದ ಈ ಸಾವುಗಳಾದವು. ಎರಡೂ ಸೇರಿದ್ದರಿಂದ ಆರು ಜನರೂ ಒಳಗೆ ಬಂದರು. ಪೊಲೀಸ್ ಕೆಲಸ ಕೈಗೆತ್ತಿಕೊಂಡಿರಬೇಕು, ಆ ಕೆಲಸದಲ್ಲೇ ಬಲಪ್ರಯೋಗ ಆಗಿರಬೇಕು. ನಿಮ್ಮ ಪ್ರಶ್ನೆಗೆ ಪರೀಕ್ಷೆ ಇದು. ಆ ಹೆಂಗಸನ್ನು ಕೊಂದ ಗುಂಡು ಬ್ರಿಟಿಷರದ್ದೋ ಎದುರಿನವರದ್ದೋ ಅಂತ ಗೊತ್ತೇ ಆಗಿರಲಿಲ್ಲ. ಆದರೂ ಅದು ಬ್ರಿಟಿಷರ ಭದ್ರತಾ ಕಾರ್ಯಾಚರಣೆಯ ನಡುವೆ ಆದ ಸಾವು, ಹಾಗಾಗಿ ಅವಳೂ ಒಳಗೆ ಎಂದಿತು ಕೋರ್ಟ್.

ಪ್ರದೇಶದ ಹಿಡಿತದ ವಿಷಯ ಬೇರೆಯದು. ಅಲ್ಲಿ ಗುಂಡು ಹಾರಿಸಿದವರು ಯಾರು ಎಂದು ಕೇಳುವ ಪ್ರಮೇಯವೇ ಬರದಿರಬಹುದು. ನಿಮ್ಮ ಕಡೆ ವಿ.ಸಿ. ನಾಲೆಯ ನೀರು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ತೂಬು ಯಾರ ಕೈಲಿದೆಯೋ ಕೆಳಗಿನ ಗದ್ದೆಗಳೆಲ್ಲ ಅವರ ಹಿಡಿತದಲ್ಲೇ ಇರುತ್ತವೆ, ಅವರು ಪ್ರತಿ ಗದ್ದೆಗೂ ಕಾಲಿಡಬೇಕಾಗಿಲ್ಲ. ಉತ್ತರ ಸೈಪ್ರಸ್‌ನಲ್ಲಿ ತುರ್ಕಿಯ 30 ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಕಿರೇನಿಯಾದಲ್ಲಿ ಜಮೀನಿದ್ದ ಒಬ್ಬ ಮಹಿಳೆ ಅಲ್ಲಿಗೆ ಹೋಗಲಾಗದೆ ಕೇಸು ಹಾಕಿದರು. ಲೊಯಿಜಿದು ಪ್ರಕರಣ ಎಂದು ಪ್ರಸಿದ್ಧವಾದದ್ದು ಅದೇ. 1996ರಲ್ಲಿ ಕೋರ್ಟ್, ಅಲ್ಲಿನ ಸ್ಥಳೀಯ ಆಡಳಿತದ ಒಂದೊಂದು ಕೆಲಸವನ್ನೂ ತುರ್ಕಿಯೇ ಹೇಳಿ ಮಾಡಿಸಿತು ಅಂತ ತೋರಿಸಬೇಕಾಗಿಲ್ಲ, ಒಟ್ಟಾರೆ ಹಿಡಿತ ಸಾಕು ಎಂದಿತು.

ಸೈನಿಕರ ಸಂಖ್ಯೆಯೇ ಎಲ್ಲ ಅಂದುಕೊಳ್ಳಬೇಡಿ. ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯಾದ ಸೈನಿಕರು ಕಡಿಮೆ. ಅಲ್ಲಿನ ಪ್ರತ್ಯೇಕತಾವಾದಿ ಆಡಳಿತ, ಲ್ಯಾಟಿನ್ ಲಿಪಿಯಲ್ಲಿ ಕಲಿಸುತ್ತಿದ್ದ ಶಾಲೆಗಳ ಮೇಲೆ ಬಿತ್ತು. ತಂದೆತಾಯಿ, ಮಕ್ಕಳು ಕೋರ್ಟಿಗೆ ಹೋದರು. ಶಾಲೆ ಮುಚ್ಚಿಸುವುದರಲ್ಲಿ ರಷ್ಯಾದ ನೇರ ಪಾತ್ರ ಇದೆ ಅನ್ನಲು ಏನೂ ಸಿಗಲಿಲ್ಲ. ಆದರೂ 2012ರಲ್ಲಿ ಕೋರ್ಟ್ ರಷ್ಯಾವನ್ನೇ ಹೊಣೆ ಮಾಡಿತು. ಗ್ಯಾಸ್, ಹಣ, ಸೈನ್ಯದ ಬೆಂಬಲ ನಿಂತರೆ ಆ ಆಡಳಿತ ಉಳಿಯುತ್ತಿರಲಿಲ್ಲ ಅನ್ನುವುದು ಕಾರಣ. 8 ಸಾವಿರ ಸೈನಿಕರಿದ್ದ ಬಸ್ರಾದಲ್ಲಿ ಪ್ರದೇಶದ ಹಿಡಿತ ಇತ್ತೆಂದು ಕೋರ್ಟ್ ಹೇಳಲು ಹೋಗಲಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಸೈನಿಕರಿದ್ದಲ್ಲಿ ಇದೆ ಎಂದಿತು. ಪರೀಕ್ಷೆಯಲ್ಲಿ ಬರೆಯುವಾಗ ಇವೆರಡನ್ನು ಎದುರುಬದುರು ಇಡಿ.

ಈಗ ಕಷ್ಟದ ಭಾಗ. ಟ್ರಕ್ಕಿನ ಮೇಲೆ ವಿಮಾನದಿಂದ ಬಾಂಬು ಬಿದ್ದರೆ? 1999ರ ಏಪ್ರಿಲ್ 23ರಂದು ನ್ಯಾಟೋ ಕ್ಷಿಪಣಿ ಬೆಲ್‌ಗ್ರೇಡ್‌ನ ರೇಡಿಯೊ-ಟಿವಿ ಕಟ್ಟಡಕ್ಕೆ ಬಡಿದು 16 ಜನ ಸತ್ತರು. ಬ್ಯಾಂಕೊವಿಚ್ ಪ್ರಕರಣದಲ್ಲಿ 2001ರಲ್ಲಿ ಕೋರ್ಟ್ ಅರ್ಜಿಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಮೇಲಿಂದ ಬಾಂಬು ಹಾಕಿದ ಮಾತ್ರಕ್ಕೆ ಕೆಳಗಿದ್ದವರು ನಿಮ್ಮ ಜೂರಿಸ್‌ಡಿಕ್ಷನ್‌ಗೆ ಬರುವುದಿಲ್ಲ ಎಂದಿತು. 2021ರ ಜನವರಿಯಲ್ಲಿ ಜಾರ್ಜಿಯಾ-ರಷ್ಯಾ ಪ್ರಕರಣದಲ್ಲೂ ಇದೇ ಹಾದಿ ಹಿಡಿಯಿತು. 2008ರ ಆಗಸ್ಟ್ 8ರಿಂದ 12ರವರೆಗಿನ ಐದು ದಿನದ ಕಾಳಗದಲ್ಲಿ ಎಲ್ಲವೂ ಗೊಂದಲ, ಯಾರಿಗೂ ಯಾರ ಮೇಲೂ ಹಿಡಿತ ಇರಲಿಲ್ಲ, ಹಾಗಾಗಿ ಆ ದಿನಗಳ ಬಾಂಬು ದಾಳಿಗೆ ಒಪ್ಪಂದ ಅನ್ವಯಿಸದು ಎಂದಿತು.

ನನ್ನ ಮಟ್ಟಿಗೆ ಇದು ತಪ್ಪು ತೀರ್ಪು. ಒಬ್ಬನನ್ನು ಹಿಡಿದು ಹೊಡೆದರೆ ಹೊಣೆ, ಊರಿನ ಮೇಲೆ ದೂರದಿಂದ ಶೆಲ್ ಹಾಕಿ ನೂರು ಜನರನ್ನು ಕೊಂದರೆ ಹೊಣೆಯಿಲ್ಲ. ಇದರಿಂದ ಹತ್ತಿರ ಹೋಗದೆ ಕೊಲ್ಲುವ ಸೈನ್ಯಕ್ಕೆ ಅನುಕೂಲವಾಗುತ್ತದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟ್, ಲಂಡನ್‌ನಲ್ಲಿ ರಷ್ಯಾದ ಮಾಜಿ ಗುಪ್ತಚರ ಅಧಿಕಾರಿ ಲಿಟ್ವಿನೆಂಕೊ ಅವರಿಗೆ ವಿಷವಿಟ್ಟು ಕೊಂದದ್ದು ರಷ್ಯಾದ ಜೂರಿಸ್‌ಡಿಕ್ಷನ್‌ಗೆ ಬರುತ್ತದೆ ಎಂದಿತು. ಅಲ್ಲಿ ಬಂಧನವೂ ಇರಲಿಲ್ಲ, ರಷ್ಯಾದ ನೆಲವೂ ಅದಲ್ಲ. ಒಬ್ಬನನ್ನೇ ಗುರಿಯಿಟ್ಟು ಹತ್ತಿರದಿಂದ ಕೊಂದದ್ದು ಸಾಕು ಎಂದಾದರೆ, ಗುರಿಯಿಟ್ಟ ಶೆಲ್ ಯಾಕೆ ಸಾಲದು? 2025ರ ಜುಲೈ 9ರಂದು ಉಕ್ರೇನ್ ಮತ್ತು ನೆದರ್ಲೆಂಡ್ಸ್ ರಷ್ಯಾ ಮೇಲೆ ಹಾಕಿದ್ದ ಕೇಸಿನಲ್ಲಿ ಕೋರ್ಟ್ ಕೊನೆಗೂ ಮೆತ್ತಗಾಯಿತು. ಉಕ್ರೇನಿನ ಮೇಲಿನ ಸೈನಿಕ ದಾಳಿಗಳು ಗೊಂದಲದಲ್ಲಿ ಆದವಲ್ಲ, ವರ್ಷಗಟ್ಟಲೆ ಯೋಜನೆ ಹಾಕಿ ಮಾಡಿದವು, ಹಾಗಾಗಿ ಅವೂ ರಷ್ಯಾದ ಜೂರಿಸ್‌ಡಿಕ್ಷನ್‌ನೊಳಗೆ ಬರುತ್ತವೆ ಎಂದಿತು. ಪೂರ್ವ ಉಕ್ರೇನಿನ ಮೇಲೆ ಹೊಡೆದುರುಳಿಸಿದ, 298 ಜನ ಸತ್ತ ಎಂಎಚ್17 ವಿಮಾನವೂ ಆ ತೀರ್ಪಿನಲ್ಲೇ ಬಂತು. ಆದರೆ ಜಾರ್ಜಿಯಾ ತೀರ್ಪನ್ನು ರದ್ದು ಮಾಡದೆ ಬೇರೆ ಎಂದಷ್ಟೇ ಹೇಳಿತು. ಒಂದೇ ಒಂದು ವಾಯುದಾಳಿ ನಡೆದರೆ ಏನಾಗುತ್ತದೆ ಎಂಬುದು ಇನ್ನೂ ಖಾತ್ರಿಯಿಲ್ಲ.

ನಮ್ಮ ಮೈಸೂರಿನ ಮೂಟ್ ಕೋರ್ಟ್‌ಗಳಲ್ಲಿ ನಾನು ಮತ್ತೆ ಮತ್ತೆ ನೋಡುವ ಒಂದು ಎಡವಟ್ಟನ್ನು ಹೇಳಿಬಿಡುತ್ತೇನೆ. ಹಿಡಿತ ಎಂದ ಕೂಡಲೇ 1986ರ ನಿಕರಾಗುವ ತೀರ್ಪನ್ನು ಎತ್ತಿಕೊಂಡು ಬರುತ್ತಾರೆ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ಮುಂದೆ ಅಲ್ಲಿ ಇದ್ದ ಪ್ರಶ್ನೆಯೇ ಬೇರೆ. ಅಮೆರಿಕದ ಬೆಂಬಲವಿದ್ದ ಕಾಂಟ್ರಾ ಬಂಡುಕೋರರು ಮಾಡಿದ್ದನ್ನು ಅಮೆರಿಕವೇ ಮಾಡಿದ್ದು ಅನ್ನಬಹುದಾ ಅನ್ನುವುದು ಅಲ್ಲಿನ ಪ್ರಶ್ನೆ, ಅಂದರೆ ಆ ಕೆಲಸ ಯಾರದ್ದು ಅಂತ. ನಿಮ್ಮ ಪ್ರಶ್ನೆ, ನಿಮ್ಮಣ್ಣನ ಬಗ್ಗೆ ಆ ದೇಶಕ್ಕೆ ಹೊಣೆ ಇತ್ತಾ ಅನ್ನುವುದು. ಗುಂಡು ಹಾರಿಸಿದವನು ಆ ದೇಶದ ಯೂನಿಫಾರ್ಮ್ ಹಾಕಿದ ಸೈನಿಕನೇ ಆಗಿದ್ದರೆ ನಿಕರಾಗುವ ಬೇಕಾಗುವುದೇ ಇಲ್ಲ.

ಚೆಕ್‌ಪೋಸ್ಟ್ ಅಮೆರಿಕದ್ದಾದರೆ ಹಾದಿ ಕಷ್ಟ. ಯುರೋಪಿನ ಒಪ್ಪಂದ ಅದಕ್ಕೆ ಸಂಬಂಧವಿಲ್ಲ. ವಿಶ್ವಸಂಸ್ಥೆಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದ ಉಳಿಯುತ್ತದೆ. ಅದರ 2ನೇ ವಿಧಿಯಲ್ಲಿ ‘ತನ್ನ ನೆಲದಲ್ಲಿರುವ ಮತ್ತು ತನ್ನ ಜೂರಿಸ್‌ಡಿಕ್ಷನ್‌ಗೆ ಒಳಪಟ್ಟ’ ಎಂದಿದೆ. ಎರಡೂ ಇರಬೇಕು, ಹೊರದೇಶದಲ್ಲಿ ಅನ್ವಯವೇ ಇಲ್ಲ ಎಂದು ಅಮೆರಿಕ ವಾದಿಸುತ್ತಾ ಬಂದಿದೆ. ಆ ಒಪ್ಪಂದದ ಪಾಲನೆ ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿ 1981ರಲ್ಲೇ ಇದನ್ನು ಒಪ್ಪಲಿಲ್ಲ. ಉರುಗ್ವೆಯ ಏಜೆಂಟರು ಅರ್ಜೆಂಟೀನಾದಲ್ಲಿ ಒಬ್ಬನನ್ನು ಅಪಹರಿಸಿದ್ದ ಪ್ರಕರಣ ಅದು. ತನ್ನ ನೆಲದಲ್ಲಿ ಮಾಡಬಾರದ್ದನ್ನು ಬೇರೆಯವರ ನೆಲದಲ್ಲಿ ಮಾಡಲು ಒಂದು ದೇಶಕ್ಕೆ ಅನುಮತಿ ಇದೆ ಎಂದು ಓದುವುದು ನ್ಯಾಯವಲ್ಲ ಎಂದಿತು. 2004ರಲ್ಲಿ ಹೇಗ್‌ನ ನ್ಯಾಯಾಲಯವೂ ಪ್ಯಾಲೆಸ್ಟೀನ್ ಗೋಡೆಯ ಬಗೆಗಿನ ಅಭಿಪ್ರಾಯದಲ್ಲಿ ಸಮಿತಿಯ ಓದನ್ನೇ ಒಪ್ಪಿತು. ಆದರೆ ವ್ಯಕ್ತಿಯೇ ದೂರು ಕೊಡುವ ಬಾಗಿಲು ಇರುವುದು ಐಚ್ಛಿಕ ಪ್ರೋಟೊಕಾಲ್ ಎಂಬ ಪೂರಕ ಒಪ್ಪಂದವನ್ನು ಒಪ್ಪಿದ ದೇಶಗಳ ಮೇಲೆ ಮಾತ್ರ. ಅಮೆರಿಕ ಒಪ್ಪಿಲ್ಲ, ಬ್ರಿಟನ್ ಒಪ್ಪಿಲ್ಲ. ಭಾರತ 1979ರಲ್ಲಿ ಮುಖ್ಯ ಒಪ್ಪಂದ ಸೇರಿತು, ಪ್ರೋಟೊಕಾಲ್ ಸೇರಿಲ್ಲ. ಭಾರತ ಸೇರದಿರುವುದರಿಂದ ನಿಮ್ಮಣ್ಣನಿಗೆ ನಷ್ಟವಿಲ್ಲ. ನೋಡಬೇಕಾದದ್ದು ಗುಂಡು ಹಾರಿಸಿದವರ ದೇಶವನ್ನು.

ಜೂರಿಸ್‌ಡಿಕ್ಷನ್ ಇದೆ ಅಂದರೆ ಕೇಸು ಗೆದ್ದಂತಲ್ಲ. ಅದು ಬಾಗಿಲು ದಾಟಿದ್ದು ಅಷ್ಟೆ. ಜಲೂದ್ ಪ್ರಕರಣದಲ್ಲಿ ಡಚ್ ಲೆಫ್ಟಿನೆಂಟ್ ತಪ್ಪಾಗಿ ಗುಂಡು ಹಾರಿಸಿದ ಎಂದು ಕೋರ್ಟ್ ಹೇಳಲೇ ಇಲ್ಲ. ನೆದರ್ಲೆಂಡ್ಸ್ ಸೋತದ್ದು ತನಿಖೆಯಲ್ಲಿ. ಗುಂಡು ಹಾರಿಸಿದ ಇರಾಕಿ ಕಾವಲಿನವರ ಹೆಸರಿನ ಪಟ್ಟಿ ಡಚ್ ಕೋರ್ಟಿನ ಮುಂದೆ ಬರಲೇ ಇಲ್ಲ. ಲೆಫ್ಟಿನೆಂಟನ್ನು ವಿಚಾರಿಸಲು ಆರು ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡರು. ಅಷ್ಟು ಹೊತ್ತು ಬೇರೆಯವರ ಜೊತೆ ಮಾತಾಡಿ ಕಥೆ ಹೊಂದಿಸಿಕೊಳ್ಳದಂತೆ ಯಾವ ಏರ್ಪಾಡೂ ಇರಲಿಲ್ಲ. ಸಾಕ್ಷಿಯಾಗಿದ್ದ ಲೋಹದ ಚೂರುಗಳು ಕಳೆದುಹೋದವು. ತಂದೆಗೆ 25 ಸಾವಿರ ಯೂರೊ ಪರಿಹಾರ ಬಂತು. ಬಸ್ರಾದ ಐದು ಕುಟುಂಬಗಳ ಕೇಸಲ್ಲೂ ಬ್ರಿಟನ್ ಸೋತದ್ದು ತನಿಖೆಯ ಮೇಲೆಯೇ.

ಹಾಗಾಗಿ, ದೇವರು ಹಾಗೆ ಮಾಡದಿರಲಿ, ಏನಾದರೂ ಆದರೆ ಮೊದಲು ಬೇಕಾಗುವುದು ಆ ಜಾಗದ ವಿವರ. ಯಾವ ದೇಶದ ಬಾವುಟ, ಆಜ್ಞೆ ಕೊಡುತ್ತಿದ್ದವರು ಯಾರು, ಸ್ಥಳೀಯ ಕಾವಲಿನವರು ಯಾರ ಮಾತು ಕೇಳುತ್ತಿದ್ದರು, ತಡೆ ಎಲ್ಲಿತ್ತು, ನಿಲ್ಲಿಸಲು ಏನು ಸನ್ನೆ ಮಾಡಿದರು. ಜೊತೆಯಲ್ಲಿದ್ದ ಡ್ರೈವರ್‌ಗಳ ಹೆಸರು, ಫೋನ್ ನಂಬರ್ ಬರೆದಿಟ್ಟುಕೊಳ್ಳಲು ನಿಮ್ಮಣ್ಣನಿಗೆ ಈಗಲೇ ಹೇಳಿ. ಆಮೇಲೆ ದೂರು ಮೊದಲು ಹೋಗಬೇಕಾದದ್ದು ಆ ಸೈನಿಕರ ದೇಶದ ಅಧಿಕಾರಿಗಳಿಗೆ, ಕೋರ್ಟಿಗೆ. ಅಲ್ಲಿ ಕೊನೆಯ ತೀರ್ಮಾನ ಬಂದ ನಾಲ್ಕು ತಿಂಗಳೊಳಗೆ ಸ್ಟ್ರಾಸ್‌ಬರ್ಗ್‌ಗೆ ಅರ್ಜಿ ಹೋಗಬೇಕು. ಮೊದಲು ಆರು ತಿಂಗಳಿತ್ತು, 2022ರ ಫೆಬ್ರವರಿಯಿಂದ ನಾಲ್ಕಾಗಿದೆ. ಹಳೆಯ ಪುಸ್ತಕಗಳಲ್ಲಿ ಇನ್ನೂ ಆರು ಅಂತಲೇ ಇದೆ.

ಸಾವೇ ಆಗಿದ್ದರೆ ಭಾರತದ ರಾಯಭಾರ ಕಚೇರಿಯ ಮೂಲಕ ಪೂರ್ತಿ ಪೋಸ್ಟ್‌ಮಾರ್ಟಂ ವರದಿ, ಫೋಟೊ ಸಮೇತ, ಕೇಳಿ ಪಡೆಯಬೇಕು. ಜಲೂದ್ ಕೇಸಿನಲ್ಲಿ ಡಚ್ ಅಧಿಕಾರಿಗಳು ಯಾರೂ ಇಲ್ಲದೆ ಪೋಸ್ಟ್‌ಮಾರ್ಟಂ ನಡೆಯಿತು. ವರದಿ ಬಹಳ ಚಿಕ್ಕದು, ಅದರಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಮಗನಿಗೆ ತಗುಲಿದ್ದು ಯಾರ ಗುಂಡು ಅನ್ನುವುದು ಆ ತಂದೆಗೆ ಕೊನೆವರೆಗೂ ಗೊತ್ತಾಗಲಿಲ್ಲ.